ಒಂದು ಕಾಗೆ, ಒಂದು ಕೋಡುಬಳೆ, 408 ಫೋಟೋ

(ಫೈನಲ್ ಇಯರ್ ಆನಿಮೇಷನ್ ಸ್ಟೂಡೆಂಟ್ಸ್‌ಗೆ ಸ್ಟಾಪ್-ಮೋಷನ್ ಪ್ರಾಜೆಕ್ಟ್ ಪ್ಲಾನಿಂಗ್ ಬಗ್ಗೆ ಮಾತಾಡಿದ್ದು, ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದೀನಿ.)

ಎಲ್ರೂ ಕೂತ್ಕೊಳಿ, ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ನಾನು ಇವತ್ತು ಸ್ಟಾಪ್-ಮೋಷನ್ ಅಂದ್ರೇನು ಅಂತ ಹೇಳಕ್ಕೆ ಬಂದಿಲ್ಲ, ಅದು ನಿಮಗೆ ಗೊತ್ತು. ಒಂದು ಸಣ್ಣ ಕಥೆ ತಗೊಂಡು ಅದನ್ನ ಹತ್ತು ವಾರದಲ್ಲಿ ಮುಗಿಸೋದು ಹೇಗೆ ಅಂತ ನಿಮ್ಮ ಜೊತೆ ಕೂತು ಲೆಕ್ಕ ಹಾಕ್ತೀನಿ, ಅಷ್ಟೇ.

ಕಥೆ ಹೀಗಿದೆ. ಅಜ್ಜಿ ಜಗಲಿ ಕಟ್ಟೆ ಮೇಲೆ ತಟ್ಟೇಲಿ ಕೋಡುಬಳೆ ಇಟ್ಟು ಒಳಗೆ ಹೋಗ್ತಾಳೆ, ಕಾಗೆ ಬರತ್ತೆ, ಆಕಡೆ ಈಕಡೆ ನೋಡತ್ತೆ, ಕುಪ್ಪಳಿಸಿ ತಟ್ಟೆ ಹತ್ರ ಹೋಗತ್ತೆ, ಒಂದು ಕೋಡುಬಳೆ ಕಚ್ಕೊಳ್ಳತ್ತೆ, ಅಷ್ಟೊತ್ತಿಗೆ ಕೋಲು ಬರತ್ತೆ, ಹಾರೋಗತ್ತೆ. ಒಟ್ಟು 40 ಸೆಕೆಂಡ್. ಮೊದಲ ಡ್ರಾಫ್ಟಲ್ಲಿ ಅಜ್ಜಿ ಪೂರ್ತಿ ಇದ್ಳು, ಸೀರೆ ಉಟ್ಕೊಂಡು, ಕನ್ನಡಕ ಹಾಕ್ಕೊಂಡು. ನಾನು ಅಜ್ಜೀನ ತೆಗೆದೆ. ಯಾಕೆ ಅಂದ್ರೆ ಎರಡನೇ ಪಾತ್ರ ಬಂದ್ರೆ ಪ್ರತಿ ಫ್ರೇಮಿನ ಟೈಮು ಹೆಚ್ಚು ಕಮ್ಮಿ ಡಬಲ್ ಆಗತ್ತೆ, ಸೀರೆ ಅಂತೂ ಮುಟ್ಟಿದಾಗೆಲ್ಲ ಅಲುಗಾಡತ್ತೆ. ಈಗ ಅಜ್ಜಿ ಅಂದ್ರೆ ಬರೀ ಧ್ವನಿ, ಮತ್ತೆ ಒಂದು ಶಾಟಲ್ಲಿ ಕೋಲಿನ ತುದಿ. ನೋಡೋರಿಗೆ ಅಜ್ಜಿ ಇದ್ದಾಳೆ ಅನ್ಸತ್ತೆ, ಸಾಕು.

ಈಗ ಫ್ರೇಮ್ ಲೆಕ್ಕ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ 40 ಸೆಕೆಂಡಿಗೆ 960 ಫೋಟೋ ಅಂತ ಎಲ್ರೂ ಹೆದರ್ಕೊಳ್ತಾರೆ. ಆದ್ರೆ ನಾವು ಹೆಚ್ಚಿನ ಭಾಗ ಟೂಸ್ ಮೇಲೆ ತೆಗಿತೀವಿ, ಅಂದ್ರೆ ಒಂದು ಫೋಟೋನ ಎರಡು ಫ್ರೇಮ್ ಹೊತ್ತು ತೋರಿಸ್ತೀವಿ, ಸೆಕೆಂಡಿಗೆ 12 ಫೋಟೋ ಸಾಕು. ತುಂಬಾ ಸ್ಪೀಡಾಗಿ ಹೋಗೋ ಕಡೆ ಮಾತ್ರ ಒನ್ಸ್, ಪ್ರತಿ ಫ್ರೇಮಿಗೂ ಹೊಸ ಫೋಟೋ. ಸರಿ, 40ರಲ್ಲಿ ಟೈಟಲ್ಲು ಕ್ರೆಡಿಟ್ಟು ಸೇರಿ 4 ಸೆಕೆಂಡ್, ಅದನ್ನ ಶೂಟ್ ಮಾಡೋದೇ ಇಲ್ಲ. ಉಳಿದಿದ್ದು 36. ಅದ್ರಲ್ಲಿ ಖಾಲಿ ಜಗಲಿ, ತಟ್ಟೆ ಕ್ಲೋಸಪ್ಪು, ಏನೂ ಅಲ್ಲಾಡದೇ ಇರೋದು 6 ಸೆಕೆಂಡ್. ಅದಕ್ಕೆ ಒಂದೇ ಫೋಟೋ ಫ್ರೀಜ್ ಮಾಡಿದ್ರೆ ಸತ್ತೋದಂಗೆ ಕಾಣತ್ತೆ, ಪಕ್ಕದ ಶಾಟಲ್ಲಿರೋ ಆ ಸಣ್ಣ ಗ್ರೇನ್ ಇದ್ರಲ್ಲಿ ಇರಲ್ಲ, ಹಾಗಾಗಿ 12 ಫೋಟೋ ತೆಗೆದು ಅದನ್ನೇ ಹಿಂದೆ ಮುಂದೆ ತಿರುಗಿಸಿ ಓಡಿಸ್ತೀವಿ. ಕಾಗೆ ಬಂದು ಇಳಿಯೋದು, ಎರಡು ಕುಪ್ಪಳಿಕೆ, ಹಾರೋಗೋದು, ಇವೆಲ್ಲ ಸೇರಿ 3 ಸೆಕೆಂಡ್, ಒನ್ಸ್ ಮೇಲೆ, 72 ಫೋಟೋ. ಉಳಿದ 27 ಸೆಕೆಂಡ್ ಟೂಸ್, 324 ಫೋಟೋ. ಎಲ್ಲ ಕೂಡಿಸಿ 408.

ಇಲ್ಲೇ ಒಂದು ಮಾತು, ಕ್ಯಾಪ್ಚರ್ ಸಾಫ್ಟ್‌ವೇರಲ್ಲಿ 12 ಅಂತ ಇಟ್ಕೊಂಡು ಶೂಟ್ ಮಾಡಿ, ಆಮೇಲೆ ಎಡಿಟಲ್ಲಿ ಪ್ರಾಜೆಕ್ಟ್ 25ಕ್ಕೆ ಸೆಟ್ ಆಗಿದ್ರೆ, 12ನ್ನ 25ಕ್ಕೆ ಹಂಚೋವಾಗ ಆಗಾಗ ಒಂದು ಫೋಟೋ ಮೂರು ಫ್ರೇಮ್ ನಿಂತ್ಬಿಡತ್ತೆ, ನಡಿಗೆ ಕುಂಟಿದಂಗೆ ಆಗತ್ತೆ, ಆಗ ಆನಿಮೇಷನ್ನೇ ಕೆಟ್ಟಿದೆ ಅಂದ್ಕೊಂಡು ತಲೆ ಕೆಡಿಸ್ಕೊಳ್ತೀರಿ. ಶುರುನಲ್ಲೇ 24 ಅಂತ ಫಿಕ್ಸ್ ಮಾಡಿ, ಎಲ್ಲಾ ಕಡೆ 24, ಟೂಸ್ ಅನ್ನೋದು ಹೋಲ್ಡ್ ಸೆಟಿಂಗಲ್ಲಿ.

ಕುಪ್ಪಳಿಸೋ ಆ ಎಂಟು ಫ್ರೇಮು

ಇಡೀ ಪ್ರಾಜೆಕ್ಟಲ್ಲಿ ಕಷ್ಟ ಎಲ್ಲಿದೆ ಅಂದ್ರೆ ಈ ಕುಪ್ಪಳಿಕೇಲಿ, ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. ನಮ್ಮೂರ ಕಾಗೆ ಕೊಕ್ಕಿಂದ ಬಾಲದವರೆಗೆ ಸುಮಾರು 40 ಸೆಂಟಿಮೀಟರ್. ನಮ್ಮ ಗೊಂಬೆ 20, ಅಂದ್ರೆ ಅರ್ಧ ಸೈಜು. ನಿಜವಾದ ಕಾಗೆ 16 ಸೆಂಟಿಮೀಟರ್ ಎತ್ತರಕ್ಕೆ ಕುಪ್ಪಳಿಸತ್ತೆ ಅಂತ ಇಟ್ಕೊಳಿ. ಪಿಯುಸಿ ಫಿಸಿಕ್ಸ್ ಜ್ಞಾಪಿಸ್ಕೊಳಿ, ಅಷ್ಟು ಎತ್ತರದಿಂದ ಬೀಳೋಕೆ ಸುಮಾರು 0.18 ಸೆಕೆಂಡ್, ಹತ್ತೋಕೂ ಅಷ್ಟೇ. ಒಟ್ಟು 0.36 ಸೆಕೆಂಡ್. 24ರಿಂದ ಗುಣಿಸಿದ್ರೆ ಎಂಟೂವರೆ ಫ್ರೇಮ್ ಚಿಲ್ಲರೆ ಬರತ್ತೆ, ನಾವು 8 ಇಟ್ಕೊಳ್ಳೋಣ, 4 ಮೇಲಕ್ಕೆ 4 ಕೆಳಕ್ಕೆ. ಇದನ್ನೇ ಟೂಸಲ್ಲಿ ತೆಗೆದ್ರೆ ಬರೀ ನಾಲ್ಕು ಫೋಟೋ, ಕಾಗೆ ಹಾರಿದ್ದೇ ಕಾಣಲ್ಲ, ಒಂದು ಕಡೆ ಮಾಯ ಆಗಿ ಇನ್ನೊಂದು ಕಡೆ ಬಂದಂಗಿರತ್ತೆ. ಅದಕ್ಕೇ ಒನ್ಸ್.

ಈ ನಾಲ್ಕು ಫ್ರೇಮಲ್ಲಿ ಎಷ್ಟೆಷ್ಟು ಇಳಿಸ್ಬೇಕು? ತುಂಬಾ ಜನ ಸಮ ಸಮ ಇಳಿಸ್ತಾರೆ, ಎರಡೆರಡು ಸೆಂಟಿಮೀಟರ್. ಆಗ ಕಾಗೆಗೆ ತೂಕ ಇರಲ್ಲ, ಲಿಫ್ಟಲ್ಲಿ ಇಳಿದಂಗೆ ಕಾಣತ್ತೆ. ಬೀಳೋ ವಸ್ತು ಪ್ರತಿ ಫ್ರೇಮಿಗೂ ಇಳಿಯೋ ದೂರ 1, 3, 5, 7 ಈ ಅನುಪಾತದಲ್ಲಿ ಇರತ್ತೆ. ಕೂಡಿಸಿದ್ರೆ 16 ಭಾಗ. ನಮ್ಮ ಗೊಂಬೆ ಅರ್ಧ ಸೈಜಾಗಿರೋದ್ರಿಂದ ಕುಪ್ಪಳಿಕೇನೂ ಅರ್ಧ, 8 ಸೆಂಟಿಮೀಟರ್, ಒಂದು ಭಾಗಕ್ಕೆ ಅರ್ಧ ಸೆಂಟಿಮೀಟರ್. ಹಾಗಾದ್ರೆ ಮೊದಲ ಫ್ರೇಮಿಗೆ 0.5 ಸೆಂಟಿಮೀಟರ್ ಇಳಿಸಿ, ಆಮೇಲೆ 1.5, ಆಮೇಲೆ 2.5, ಕೊನೇದು 3.5. ಹತ್ತೋವಾಗ ಇದೇ ಉಲ್ಟಾ. ಟೈಮ್ ಮಾತ್ರ ಅರ್ಧ ಮಾಡ್ಬೇಡಿ, ಅದು ನಿಜವಾದ ಕಾಗೇದೇ ಇರ್ಬೇಕು, ಅದನ್ನೂ ಕಮ್ಮಿ ಮಾಡಿದ್ರೆ ಗೊಂಬೆ ಗೊಂಬೆ ಥರಾನೇ ಕಾಣತ್ತೆ. ಹಾರೋ ಮುಂಚೆ ಕುಗ್ಗೋದು ಟೂಸಲ್ಲಿ ಮೂರ್ನಾಲ್ಕು ಫೋಟೋ, ಇಳಿದ ಮೇಲೆ ಮೊಣಕಾಲು ಮಡಿಸಿ ಮತ್ತೆ ಎದ್ದೇಳೋದು ಇನ್ನೂ ಮೂರು. ನಿಮ್ಮ ಕಣ್ಣಿಗೆ ತೂಕ ಅಂತ ಕಾಣೋದ್ರಲ್ಲಿ ಅರ್ಧ ಇಲ್ಲೇ ಇರೋದು.

ಅಳೆಯೋಕೆ ನಾನು ಮಾನಿಟರ್ ಮೇಲೆ ಪಾರದರ್ಶಕ ಓಹೆಚ್‌ಪಿ ಶೀಟ್ ಅಂಟಿಸಿ, ಕೊಕ್ಕಿನ ತುದಿ ಎಲ್ಲೆಲ್ಲಿ ಬರ್ಬೇಕು ಅಂತ ಮಾರ್ಕರಲ್ಲಿ ಎಂಟು ಚುಕ್ಕೆ ಇಟ್ಬಿಡ್ತೀನಿ. ಡ್ರಾಗನ್‌ಫ್ರೇಮ್ ಇದ್ರೆ ಸ್ಕ್ರೀನ್ ಮೇಲೇ ಗೆರೆ ಎಳೀಬಹುದು, ಮೊಬೈಲ್ ಆಪಲ್ಲಿ ಆನಿಯನ್ ಸ್ಕಿನ್ ಅಂತ ಹಿಂದಿನ ಫೋಟೋ ತೆಳುವಾಗಿ ಕಾಣೋದಿರತ್ತೆ. ಆದ್ರೆ ಆನಿಯನ್ ಸ್ಕಿನ್ ಹಿಂದೆ ಎಲ್ಲಿದ್ದೆ ಅಂತ ಹೇಳತ್ತೇ ಹೊರತು ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಹೇಳಲ್ಲ. ಚುಕ್ಕೆ ಹೇಳತ್ತೆ.

ಗಾಳೀಲಿ ನಿಲ್ಲಿಸೋದು

ಒಬ್ಬ ಹುಡುಗ ಕೇಳಿದ, "ಮೇಡಂ, ಗಾಳದ ದಾರದಲ್ಲಿ ನೇತಾಕಿದ್ರೆ ಆಗಲ್ವಾ, ಅದು ಕಾಣಲ್ವಲ್ಲ?"

ಕಾಣಲ್ಲ ನಿಜ, ಆದ್ರೆ ತೂಗಾಡತ್ತೆ ಕಣಪ್ಪ. ಮುಟ್ಟಿದ ಮೇಲೆ ನಿಲ್ಲೋಕೆ ಒಂದೆರಡು ನಿಮಿಷ ಬೇಕು, ನಿಂತ್ರೂ ಸುತ್ತ ತಿರುಗತ್ತೆ, ಫ್ಯಾನ್ ಬಿಡಿ ನೀನು ಉಸಿರು ಬಿಟ್ರೂ ತಿರುಗತ್ತೆ. ಎಲೆ ಬೀಳೋದು, ಬಲೂನು, ಇಂಥದ್ದಕ್ಕೆ ಓಕೆ. ಕಾಗೆಗೆ ಕೆಳಗಿಂದ ಅಥವಾ ಹಿಂದಿಂದ ಗಟ್ಟಿಯಾಗಿ ಹಿಡ್ಕೊಳ್ಳೋ ರಿಗ್ ಬೇಕು, ಆಮೇಲೆ ಅದನ್ನ ಕಂಪ್ಯೂಟರಲ್ಲಿ ಅಳಿಸ್ತೀವಿ.

ರಿಗ್ ಮಾಡೋದು ಬೊಂಬೆಯಿಂದಾನೇ ಶುರು. ಕಾಗೆ ಹಗುರ ಇರ್ಬೇಕು. ಒಳಗೆ ಥರ್ಮಾಕೋಲ್, ಅದಕ್ಕೆ 1.5 ಮಿಲಿಮೀಟರ್ ಅಲ್ಯೂಮಿನಿಯಂ ವೈರು ಎರಡೆಳೆ ಹೊಸೆದು ಕಾಲು, ಕುತ್ತಿಗೆ. ಮೇಲೆ ಕಪ್ಪು ಫೆಲ್ಟ್ ಬಟ್ಟೆ ಅಂಟಿಸಿ. ನಿಜವಾದ ಪುಕ್ಕ ಅಂಟಿಸೋ ಆಸೆ ಆಗತ್ತೆ, ಬೇಡ. 1933ರ ಕಿಂಗ್ ಕಾಂಗ್ ನೋಡಿದ್ರೆ ಗೊತ್ತಾಗತ್ತೆ, ಆ ಗೊರಿಲ್ಲಾದ ಮೈಕೂದಲು ಸುಮ್ಮನೆ ನಿಂತಿದ್ರೂ ಪಟಪಟ ಅಂತಿರತ್ತೆ, ಪ್ರತಿ ಫ್ರೇಮಲ್ಲೂ ಆನಿಮೇಟರ್ ಬೆರಳು ತಾಗಿದ್ದು ಅದು. ಕಾಲಿನ ವೈರು ಕಣಕಾಲಲ್ಲೇ ಮುರಿಯೋದು, ಬಗ್ಗಿಸಿ ಬಗ್ಗಿಸಿ ದಣಿಯತ್ತೆ, ಅದಕ್ಕೆ ಇನ್ನೊಂದು ಜೊತೆ ಕಾಲು ಮೊದಲೇ ಮಾಡಿಟ್ಕೊಳಿ. ನಿಂತಿರೋ ಶಾಟಿಗೆ ಪಾದದಲ್ಲಿ ಎಂ3 ನಟ್ಟನ್ನ ಎಂ-ಸೀಲಲ್ಲಿ ಕೂರಿಸಿ, ಸೆಟ್ಟಿನ ಹಲಗೆಗೆ ತೂತು ಹಾಕಿ ಕೆಳಗಿಂದ ಬೋಲ್ಟ್ ತಿರುಗಿಸಿ. ಅಂದ್ರೆ ಸೆಟ್ಟಿನ ಕೆಳಗೆ ನಿಮ್ಮ ಕೈ ಹೋಗ್ಬೇಕು, ಗೋಡೆಗೆ ಒರಗಿಸಿರೋ ಟೇಬಲ್ ಮೇಲೆ ನೇರ ಸೆಟ್ ಕಟ್ಟಿದ್ರೆ ಮುಗೀತು ಕಥೆ. ತೂತನ್ನ ಜಗಲಿ ಬಣ್ಣದ ಕ್ಲೇ ಇಟ್ಟು ಮುಚ್ಚಿ.

ಹಾರೋ ಶಾಟಿಗೆ ಕಾಗೆ ಹೊಟ್ಟೇಲಿ, ಕ್ಯಾಮೆರಾಕ್ಕೆ ಕಾಣದ ಪಕ್ಕದಲ್ಲಿ, ಒಂದು ಚೌಕದ ಹಿತ್ತಾಳೆ ಟ್ಯೂಬ್ ಹೂತಿಡಿ. ಅದರೊಳಗೆ ಸರಿಯಾಗಿ ಕೂರೋ ಸಣ್ಣ ಚೌಕದ ಟ್ಯೂಬು ರಿಗ್ ಕಡೇಲಿ. ದುಂಡನೇದು ತಗೋಬೇಡಿ, ಕಾಗೆ ತಿರುಗೋಗತ್ತೆ. ರಿಗ್ಗಿನ ಬುಡಕ್ಕೆ ಭಾರ, ನಾನು ಇಟ್ಟಿಗೆ ಇಟ್ಟಿದೀನಿ, ಅದಕ್ಕೆ ನೇರ ಕಬ್ಬಿಣದ ಕಂಬಿ, ಕಂಬಿ ತುದೀಲಿ ಮಾತ್ರ ಬಗ್ಗೋ ದಪ್ಪ ವೈರು, ಒಂದು ಗೇಣಿಗಿಂತ ಕಮ್ಮಿ. ಪೂರ್ತಿ ಬಗ್ಗೋ ವೈರಲ್ಲೇ ಮಾಡಿದ್ರೆ ಜೋತು ಬೀಳತ್ತೆ. ಜೋತು ಬೀಳ್ತಿದೆಯಾ ಅಂತ ತಿಳಿಯೋದು ಸುಲಭ: ಕಾಗೇನ ಗಾಳೀಲಿ ಬಿಟ್ಟು, ಮುಟ್ಟದೆ, ಹತ್ತು ನಿಮಿಷದಲ್ಲಿ ಐದು ಫೋಟೋ ತೆಗೀರಿ, ಮೊದಲನೇದು ಕೊನೇದು ಹಿಂದೆ ಮುಂದೆ ತಿರುವಿ ನೋಡಿ. ಕೊಕ್ಕು ಒಂದು ಕೂದಲಷ್ಟು ಇಳಿದಿದ್ರೂ ವೈರು ಗಿಡ್ಡ ಮಾಡಿ. ಎಸ್‌ಪಿ ರೋಡಲ್ಲಿ ಸೋಲ್ಡರಿಂಗ್‌ಗೆ ಅಂತ ಮೊಸಳೆ ಕ್ಲಿಪ್ಪಿರೋ ಸ್ಟ್ಯಾಂಡ್ ಸಿಗತ್ತಲ್ಲ, ಅದು ಕೋಡುಬಳೆ ಹಿಡ್ಕೊಳ್ಳೋಕೆ ಸಾಕು, ಕಾಗೆಗೆ ಸಾಲಲ್ಲ, ಅದರ ಕೀಲು ಸಡಿಲ.

ಅಳಿಸೋದಕ್ಕೆ ಕ್ಲೀನ್ ಪ್ಲೇಟ್ ಬೇಕು, ಅಂದ್ರೆ ಕಾಗೇನೂ ರಿಗ್ಗೂ ಇಲ್ಲದ ಖಾಲಿ ಸೆಟ್ಟಿನ ಫೋಟೋ, ಅದೇ ಕ್ಯಾಮೆರಾ, ಅದೇ ಲೈಟು. ಶಾಟ್ ಶುರು ಮಾಡೋ ಮುಂಚೆ ಎರಡು, ಮುಗಿದ ಮೇಲೆ ಎರಡು. ಎಡಿಟಲ್ಲಿ ರಿಗ್ ಇರೋ ಜಾಗಕ್ಕೆ ಈ ಖಾಲಿ ಫೋಟೋ ತುಂಬ್ತೀರಿ. ಇಲ್ಲಿ ಎಲ್ರೂ ಮರೆಯೋದು ನೆರಳು. ರಿಗ್ಗಿನ ನೆರಳು ಕಾಗೆ ನೆರಳಿನ ಮೇಲೆ ಬಿದ್ರೆ, ಒಂದನ್ನ ಅಳಿಸಿ ಇನ್ನೊಂದನ್ನ ಉಳಿಸೋಕೆ ಒದ್ದಾಡ್ತೀರಿ. ಅದಕ್ಕೆ ರಿಗ್ ಎಲ್ಲಿಂದ ಬರತ್ತೆ ಅನ್ನೋದನ್ನ ಮೊದಲು ಫಿಕ್ಸ್ ಮಾಡಿ, ಆಮೇಲೆ ಅದರ ನೆರಳು ಫ್ರೇಮ್ ಆಚೆ ಬೀಳೋ ಹಾಗೆ ಮೇನ್ ಲೈಟ್ ಇಡಿ.

ಲೈಟು ಮಿಣಮಿಣ ಅನ್ನೋದು

ಇದು ನಾನು ಅತ್ತಿರೋ ಜಾಗ. ಸ್ಟೂಡೆಂಟ್ ಆಗಿದ್ದಾಗ ಹಾಸ್ಟೆಲ್ ರೂಮಲ್ಲಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಶೂಟ್ ಮಾಡ್ತಿದ್ದೆ, ಕಣ್ಣಿಗೆ ಕತ್ತಲೆ ಅನ್ಸಿತ್ತು, ಮಧ್ಯಾಹ್ನದಿಂದ ಸಂಜೆವರೆಗೆ 140 ಫೋಟೋ. ಪ್ಲೇ ಮಾಡಿದ್ರೆ ಹನ್ನೊಂದು ಚಿಲ್ಲರೆ ಸೆಕೆಂಡಲ್ಲಿ ಸೂರ್ಯ ಮುಳುಗೋಗಿದ್ದ, ಮಧ್ಯೆ ಮೋಡ ಬಂದಾಗೆಲ್ಲ ಗೋಡೆ ನೀಲಿಯಾಗ್ತಿತ್ತು. ಕಿಟಕಿಗೆ ಅಲ್ಯೂಮಿನಿಯಂ ಫಾಯಿಲ್ ಇಲ್ಲಾಂದ್ರೆ ನಾಲ್ಕೈದು ಪದರ ನ್ಯೂಸ್‌ಪೇಪರ್, ಅದರ ಮೇಲೆ ಕಪ್ಪು ಬಟ್ಟೆ. ಲೈಟೆಲ್ಲ ಆರಿಸಿ ಐದು ನಿಮಿಷ ಕತ್ತಲಲ್ಲಿ ಕೂತ್ರೂ ನಿಮ್ಮ ಕೈ ಕಾಣ್ಬಾರ್ದು, ಕಂಡ್ರೆ ಎಲ್ಲೋ ಬೆಳಕು ಸೋರ್ತಿದೆ.

ಇನ್ನೊಂದು ವೋಲ್ಟೇಜು. ಹಳೇ ತಂತಿ ಬಲ್ಬು, ಹ್ಯಾಲೊಜೆನ್ನು, ಇವು ಚೆಂದ ಕಾಣ್ತವೆ, ಆದ್ರೆ ಇವುಗಳ ಬೆಳಕು ವೋಲ್ಟೇಜಿನ ಮೂರೂವರೆ ಘಾತದ ಹತ್ರ ಏರಿಳಿಯತ್ತೆ. 230 ವೋಲ್ಟ್ ಇದ್ದಿದ್ದು ಮೇಲಿನ ಟ್ಯಾಂಕಿಗೆ ಯಾರೋ ಮೋಟಾರ್ ಹಾಕ್ದಾಗ 220ಕ್ಕೆ ಇಳೀತು ಅನ್ಕೊಳಿ, ಬೆಳಕು ಸುಮಾರು 14 ಪರ್ಸೆಂಟ್ ಕಮ್ಮಿ ಆಗತ್ತೆ, ಜೊತೆಗೆ ಬಣ್ಣ ಕೆಂಪಗಾಗತ್ತೆ. ಒಳ್ಳೆ ಡ್ರೈವರ್ ಇರೋ ಎಲ್‌ಇಡಿ ಇಷ್ಟಕ್ಕೆಲ್ಲ ಅಲ್ಲಾಡಲ್ಲ. ಆದ್ರೆ ಎಲ್‌ಇಡಿಗೂ ಒಂದು ಗುಣ ಇದೆ, ಹಚ್ಚಿದ ಮೊದಲ ಅರ್ಧ ಗಂಟೆ ಬಿಸಿಯಾಗ್ತಾ ಸ್ವಲ್ಪ ಮಂಕಾಗತ್ತೆ, ಹಾಗಾಗಿ ಹಚ್ಚಿಟ್ಟು ಟೀ ಕುಡ್ಕೊಂಡು ಬನ್ನಿ. ಕೆಲವು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗ್ತಿರತ್ತೆ, ಶಟರ್ ಸ್ಪೀಡ್ ಜಾಸ್ತಿ ಇಟ್ರೆ ಒಂದು ಫೋಟೋ ಬೆಳ್ಳಗೆ ಒಂದು ಕಪ್ಪಗೆ. ನಮ್ಮ ಕಾಗೆ ಅಲುಗಾಡಲ್ವಲ್ಲ, ಅರ್ಧ ಸೆಕೆಂಡ್ ಶಟರ್ ಇಡಿ, ಐವತ್ತು ಮಿನುಗು ಸೇರಿ ಸರಾಸರಿ ಆಗೋಗತ್ತೆ. ಲೈವ್ ಆಕ್ಷನ್‌ನೋರಿಗೆ ಈ ಭಾಗ್ಯ ಇಲ್ಲ.

ಮೂರನೇದು ಕ್ಯಾಮೆರಾನೇ. ಆಟೋ ಅಂತ ಏನೇನಿದೆ ಎಲ್ಲ ಆಫ್: ಎಕ್ಸ್‌ಪೋಶರ್, ಐಎಸ್‌ಒ, ಫೋಕಸ್, ವೈಟ್ ಬ್ಯಾಲೆನ್ಸ್. ಇಷ್ಟೆಲ್ಲ ಮಾಡಿದ್ರೂ ಮಿಣಮಿಣ ಅಂದ್ರೆ ಅದು ಲೆನ್ಸಿನ ಅಪರ್ಚರ್. ಈಗಿನ ಲೆನ್ಸು ನೀವು ಎಫ್8 ಇಟ್ರೂ ತೆರೆದೇ ಇರತ್ತೆ, ಕ್ಲಿಕ್ ಮಾಡ್ದಾಗ ಮಾತ್ರ ಎಲೆಗಳು ಮುಚ್ಕೊಳ್ತವೆ, ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಮುಚ್ಕೊಳ್ತವೆ. ಒಂದೇ ಫೋಟೋ ನೋಡಿದ್ರೆ ಗೊತ್ತಾಗಲ್ಲ, ಓಡಿಸಿದ್ರೆ ಕಣ್ಣಿಗೆ ಹೊಡಿಯತ್ತೆ. ಉಪಾಯ ಅಂದ್ರೆ ಕೈಯಲ್ಲಿ ರಿಂಗ್ ತಿರುಗಿಸೋ ಹಳೇ ಮ್ಯಾನುಯಲ್ ಲೆನ್ಸ್, ಅಡಾಪ್ಟರ್ ಹಾಕಿ, ಅದರ ಎಲೆ ನೀವು ಬಿಟ್ಟಲ್ಲೇ ನಿಂತಿರತ್ತೆ. ಅದು ಸಿಗ್ಲಿಲ್ಲ ಅಂದ್ರೆ ಲೆನ್ಸ್ ಪೂರ್ತಿ ತೆರೆದೇ ಶೂಟ್ ಮಾಡಿ, ಎಲೆ ಮುಚ್ಚೋ ಪ್ರಶ್ನೇನೇ ಇಲ್ಲ, ಆದ್ರೆ ಕಾಗೆ ಕೊಕ್ಕು ಶಾರ್ಪ್ ಇದ್ರೆ ಬಾಲ ಬ್ಲರ್ರು. ಮೊಬೈಲಲ್ಲಿ ಶೂಟ್ ಮಾಡೋರು ಬೇಜಾರ್ ಮಾಡ್ಕೋಬೇಡಿ, ಹೆಚ್ಚಿನ ಫೋನುಗಳ ಅಪರ್ಚರ್ ಫಿಕ್ಸೆಡ್, ಈ ತಲೆನೋವು ನಿಮಗಿಲ್ಲ. ನಿಮಗಿರೋ ತಲೆನೋವು ಬೇರೆ, ಫೋನು ತಾನೇ ಬುದ್ಧಿ ಓಡಿಸಿ ಎಕ್ಸ್‌ಪೋಶರ್ ಬದಲಾಯಿಸೋದು, ಅದನ್ನ ಆಪಲ್ಲಿ ಲಾಕ್ ಮಾಡಿ.

ಆಮೇಲೆ ನೀವು. ಬಿಳಿ ಶರ್ಟ್ ಹಾಕ್ಕೊಂಡು ಸೆಟ್ ಪಕ್ಕ ನಿಂತ್ರೆ ನೀವೇ ಒಂದು ರಿಫ್ಲೆಕ್ಟರ್. ಕಪ್ಪು ಬಟ್ಟೆ ಹಾಕಿ, ನೆಲದ ಮೇಲೆ ಟೇಪಲ್ಲಿ ಗುರುತು ಹಾಕಿ, ಪ್ರತಿ ಸಲ ಅಲ್ಲೇ ನಿಂತು ರಿಮೋಟಲ್ಲಿ ಕ್ಲಿಕ್ ಮಾಡಿ. ನೋಡೋಕೆ ಬರೋ ಫ್ರೆಂಡ್ಸ್‌ಗೂ ಇದೇ ರೂಲು.

ಇದೆಲ್ಲ ಸರಿ ಇದೆಯಾ ಅಂತ ಹೇಗೆ ಗೊತ್ತಾಗತ್ತೆ? ಶೂಟಿಂಗಿಗೆ ಒಂದು ವಾರ ಮುಂಚೆ, ಸೆಟ್ಟಲ್ಲಿ ಏನನ್ನೂ ಮುಟ್ಟದೆ, ಒಂದು ಗಂಟೇಲಿ 50 ಫೋಟೋ ತೆಗೀರಿ, ಮಧ್ಯೆ ಮಧ್ಯೆ ಆನಿಮೇಟ್ ಮಾಡೋ ಥರ ಹೋಗಿ ಬಂದು ಮಾಡಿ, ಆಮೇಲೆ ಓಡಿಸಿ. ಒಂದೇ ಫೋಟೋ ನಿಂತಂಗೆ ಕಾಣ್ಬೇಕು. ನಿಧಾನಕ್ಕೆ ಬೆಳಕು ಜಾರಿದ್ರೆ ಕಿಟಕಿ ಅಥವಾ ಬಿಸಿ, ಪಟಪಟ ಅಂದ್ರೆ ಅಪರ್ಚರ್, ಅಲ್ಲಲ್ಲಿ ಒಂದೊಂದು ಫ್ರೇಮ್ ಮಾತ್ರ ಬೇರೆ ಥರ ಇದ್ರೆ ನಿಮ್ಮ ಶರ್ಟು, ಇಡೀ ಚಿತ್ರ ಜರುಗಿದ್ರೆ ಟ್ರೈಪಾಡ್. ಟ್ರೈಪಾಡ್ ಕಾಲಿಗೆ ಹಾಟ್ ಗ್ಲೂ ಹಾಕಿ ನೆಲಕ್ಕೆ ಅಂಟಿಸಿ, ಮಧ್ಯೆ ಮರಳು ಚೀಲ ನೇತಾಕಿ, ಬ್ಯಾಟರಿ ಬದಲು ಡಮ್ಮಿ ಬ್ಯಾಟರೀಲಿ ಕರೆಂಟ್ ಕೊಡಿ, ಬ್ಯಾಟರಿ ಬದಲಾಯಿಸೋವಾಗಲೇ ಕ್ಯಾಮೆರಾ ಜರುಗೋದು.

ಎಷ್ಟು ದಿನ

ಸರಿ, ಈಗ 408ನ್ನ ಗಂಟೆಗೆ ಬದಲಾಯಿಸೋಣ. ಟೂಸ್ ಇರೋ 324ಕ್ಕೆ ತಲಾ 2 ನಿಮಿಷ, ಸುಮಾರು 11 ಗಂಟೆ. ರಿಗ್ ಇರೋ 72ಕ್ಕೆ ತಲಾ 5 ನಿಮಿಷ, 6 ಗಂಟೆ. 8 ಶಾಟ್ ಇದೆ, ಪ್ರತಿ ಶಾಟಿಗೆ ಕ್ಯಾಮೆರಾ ಲೈಟು ಸೆಟ್ ಮಾಡೋಕೆ ಒಂದೂವರೆ ಗಂಟೆ, ಅದೇ 12 ಗಂಟೆ, ನೋಡಿ, ಆನಿಮೇಟ್ ಮಾಡೋದಕ್ಕೆ ಹತ್ರ ಹತ್ರ ಬಂತು, ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಮೂರರಲ್ಲೊಂದು ಭಾಗ ರೀಶೂಟ್ ಆಗತ್ತೆ ಅಂತ ಇನ್ನೊಂದು 6. ಒಟ್ಟು 35 ಗಂಟೆ. ದಿನಕ್ಕೆ ನಿಜವಾಗಿ ಕೆಲಸ ಆಗೋದು 5 ಗಂಟೆ, ಅದಕ್ಕಿಂತ ಜಾಸ್ತಿ ಕೂತ್ರೆ ಕೈ ನಡುಗಿ ಕಾಗೆ ಬೀಳತ್ತೆ. 7 ದಿನ.

ಒಂದು ಹುಡುಗಿ ಕೇಳಿದ್ಳು, "ಒಂದು ಶಾಟ್ ಅರ್ಧ ಮಾಡಿ ಮಾರನೇ ದಿನ ಮುಂದುವರಿಸ್ಬಹುದಾ?"

ಬೇಡಮ್ಮ. ರಾತ್ರೀಲಿ ವೈರು ಒಂಚೂರು ವಾಪಸ್ ಬರತ್ತೆ, ಕ್ಲೇ ಒಣಗತ್ತೆ, ಹಲಗೆ ತೇವಕ್ಕೆ ಬಗ್ಗತ್ತೆ, ಕಸ ಗುಡಿಸೋಕೆ ಬಂದೋರು ಟೇಬಲ್ ತಾಗಿಸ್ತಾರೆ. ಬೆಳಿಗ್ಗೆ ಬಂದು ಮುಂದುವರಿಸಿದ್ರೆ ಆ ಜಾಗದಲ್ಲಿ ಸಣ್ಣ ಜಿಗಿತ ಕಾಣತ್ತೆ, ಅದನ್ನ ಎಡಿಟಲ್ಲಿ ಸರಿ ಮಾಡೋಕಾಗಲ್ಲ. ಹಾಗಾಗಿ ಯಾವ ಶಾಟೂ ಒಂದು ದಿನಕ್ಕಿಂತ ಉದ್ದ ಇರ್ಬಾರ್ದು. ನಮ್ಮದು 36 ಸೆಕೆಂಡಿಗೆ 8 ಶಾಟ್, ತಲಾ ನಾಲ್ಕೂವರೆ ಸೆಕೆಂಡ್, ಆರಾಮ. ಮಧ್ಯೆ ಬಿಡ್ಲೇಬೇಕಾದ್ರೆ ಕಾಗೆ ಫ್ರೇಮಿಂದ ಆಚೆ ಇರೋ ಕ್ಷಣದಲ್ಲಿ ಬಿಡಿ.

ಹತ್ತು ವಾರ ಹೀಗೆ ಹಂಚ್ಕೋತೀನಿ. ಮೊದಲೆರಡು ವಾರ ಕಥೆ, ಧ್ವನಿ, ಅನಿಮ್ಯಾಟಿಕ್. ಅಜ್ಜಿ ಧ್ವನಿ ಮೊದಲೇ ರೆಕಾರ್ಡ್ ಆಗಿರ್ಬೇಕು, ಕಾಗೆ ಬೆಚ್ಚಿ ಬೀಳೋ ಫ್ರೇಮ್ ನಂಬರ್ ಅದರಿಂದಾನೇ ಗೊತ್ತಾಗೋದು. ಮೂರು ನಾಲ್ಕರಲ್ಲಿ ಗೊಂಬೆ, ಸೆಟ್ಟು, ರಿಗ್ಗು. ಐದನೇ ವಾರ ಪೂರ್ತಿ ಟೆಸ್ಟು, ಆ 50 ಫೋಟೋ, ಆಮೇಲೆ ಕುಪ್ಪಳಿಕೆ ಮೂರ್ನಾಲ್ಕು ಸಲ. ಆರು ಏಳರಲ್ಲಿ ಶೂಟ್. ಕಥೆ ಆರ್ಡರಲ್ಲಿ ಶೂಟ್ ಮಾಡ್ಬೇಡಿ, ಒಂದೇ ಕ್ಯಾಮೆರಾ ಜಾಗದ ಶಾಟ್‌ಗಳನ್ನ ಒಟ್ಟಿಗೆ ಮುಗಿಸಿ. ಮೊದಲ ದಿನ ಕಾಗೆ ಆಕಡೆ ಈಕಡೆ ನೋಡೋ ಸುಲಭದ ಶಾಟ್, ಅಷ್ಟೊತ್ತಿಗೆ ಕೈ ಪಳಗತ್ತೆ, ರಿಗ್ ಶಾಟ್ ಮೂರನೇ ನಾಲ್ಕನೇ ದಿನ, ಫಿಲ್ಮಿನ ಓಪನಿಂಗ್ ಶಾಟ್ ಕೊನೇಗೆ, ಯಾಕಂದ್ರೆ ಎಕ್ಸಾಮಿನರ್ ಮೊದಲು ನೋಡೋದು ಅದನ್ನೇ, ಅದು ನಿಮ್ಮ ಏಳನೇ ದಿನದ ಕೈಯಲ್ಲಿ ಆಗಿರ್ಲಿ.

ಎಂಟನೇ ವಾರ ರಿಗ್ ಅಳಿಸೋದು, 72 ಫೋಟೋಗೆ ತಲಾ 6 ನಿಮಿಷ, ಏಳು ಗಂಟೆ ಚಿಲ್ಲರೆ. ಒಂಬತ್ತು ಸೌಂಡು, ಎಡಿಟ್ಟು. ಹತ್ತನೇದು ಖಾಲಿ. ಆ ಖಾಲಿ ವಾರಕ್ಕೆ ಏನೂ ತುಂಬ್ಬೇಡಿ, ಐದರಿಂದ ಒಂಬತ್ತರವರೆಗೆ ಏನಾದ್ರೂ ಒಂದು ಅದನ್ನ ತಿಂದೇ ತಿನ್ನತ್ತೆ. ಅಲ್ಲೀವರೆಗೂ ಸೆಟ್ ಕಿತ್ತಾಕ್ಬೇಡಿ, ಟ್ರೈಪಾಡ್ ಅಂಟಿಸಿದ್ದನ್ನೂ ಬಿಡಿಸ್ಬೇಡಿ. ಎಂಟನೇ ವಾರದಲ್ಲಿ ಕೂತು ನೋಡ್ದಾಗ ಒಂದು ಶಾಟಿಗೆ ಕ್ಲೀನ್ ಪ್ಲೇಟ್ ತೆಗೆಯೋದೇ ಮರೆತಿರ್ತೀರಿ, ಎರಡು ಫೋಟೋ, ಹೋಗಿ ತೆಗೆದ್ರೆ ಮುಗೀತು, ಆದ್ರೆ ಸೆಟ್ ಅಲ್ಲೇ ಇರ್ಬೇಕು.